32ನೇ ವಾರದಲ್ಲಿ ಮಾಸು ಬಾಯಿಯಿಂದ 14 ಮಿ.ಮೀ. ದೂರ: ಈಗಲೇ ಸಿಸೇರಿಯನ್ ನಿಗದಿ ಮಾಡಬೇಕೇ?

ಹೊಂಬೆಳಕು

ಇದು ನನ್ನ ಮೊದಲ ಗರ್ಭ. 20ನೇ ವಾರದಲ್ಲಿ ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನಿಂಗ್ ವರದಿಯಲ್ಲಿ ಮಾಸು ಗರ್ಭಕೋಶದ ಹಿಂಬದಿಯ ಗೋಡೆಯಲ್ಲಿದೆ, ಅದರ ಕೆಳ ಅಂಚು ಗರ್ಭಕೋಶದ ಬಾಯಿಯವರೆಗೆ ಬಂದಿದೆ, ಎರಡನೇ ದರ್ಜೆ ಎಂದು ಬರೆದಿದ್ದರು. ಎಷ್ಟು ಮಿಲಿಮೀಟರ್ ಎಂಬ ಅಳತೆ ಅದರಲ್ಲಿ ಇರಲಿಲ್ಲ. ಈಗ 32ನೇ ವಾರದಲ್ಲಿ ಯೋನಿಯ ಮೂಲಕ ಸ್ಕ್ಯಾನ್ ಮಾಡಿ, ಮಾಸಿನ ಅಂಚು ಬಾಯಿಯ ಒಳತುದಿಯಿಂದ 14 ಮಿ.ಮೀ. ದೂರದಲ್ಲಿದೆ, ಬಾಯಿಯನ್ನು ಮುಚ್ಚಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಇಲ್ಲಿಯವರೆಗೆ ಒಂದು ಹನಿಯೂ ರಕ್ತಸ್ರಾವ ಆಗಿಲ್ಲ. ಮಗುವಿನ ಬೆಳವಣಿಗೆ ಸರಿಯಾಗಿದೆ, ತಲೆ ಕೆಳಗಿದೆ.

ನನ್ನನ್ನು ನೋಡುತ್ತಿರುವ ವೈದ್ಯರು 36ನೇ ವಾರದಲ್ಲಿ ಇನ್ನೊಮ್ಮೆ ಅಳೆದು ಹೆರಿಗೆಯ ಬಗ್ಗೆ ತೀರ್ಮಾನಿಸೋಣ ಎಂದರು. ಆದರೆ ಮನೆಯವರು ವರದಿಯನ್ನು ಮತ್ತೊಬ್ಬ ವೈದ್ಯರಿಗೆ ತೋರಿಸಿದಾಗ, ಮಾಸು ಕೆಳಗಿದ್ದರೆ ಸಿಸೇರಿಯನ್ ಬಿಟ್ಟು ಬೇರೆ ದಾರಿ ಇಲ್ಲ, 37ನೇ ವಾರಕ್ಕೆ ಈಗಲೇ ದಿನ ಗೊತ್ತು ಮಾಡಿಕೊಳ್ಳಿ ಎಂದು ಅವರು ಹೇಳಿದರಂತೆ. ಇಬ್ಬರೂ ಅನುಭವಿಗಳೇ ಆಗಿರುವುದರಿಂದ ಗೊಂದಲವಾಗಿದೆ. 14 ಎಂಬ ಸಂಖ್ಯೆಗೆ ನಿಜವಾಗಿ ಎಷ್ಟು ತೂಕ ಕೊಡಬೇಕು? ಇನ್ನು ನಾಲ್ಕು ವಾರಗಳಲ್ಲಿ ಅದು ಬದಲಾಗುವ ಸಾಧ್ಯತೆ ಇದೆಯೇ? ಕಾಯುತ್ತಿರುವಾಗ ನೋವು ಶುರುವಾಗಿಬಿಟ್ಟರೆ ಏನಾಗುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಬೆಳ್ಳಿಮೋಡ

ಗಾಬರಿಯಾಗಬೇಡಿ. ನನಗೂ ಐದನೇ ತಿಂಗಳಲ್ಲಿ ಮಾಸು ಕೆಳಗಿದೆ ಎಂದಿದ್ದರು. ನಾನು ಮೆಟ್ಟಿಲು ಹತ್ತುವುದನ್ನು ಬಿಟ್ಟು, ಕಾಲಿನ ಕೆಳಗೆ ದಿಂಬು ಇಟ್ಟುಕೊಂಡು ಹೆಚ್ಚು ಹೊತ್ತು ಮಲಗಿಯೇ ಇರುತ್ತಿದ್ದೆ. ಎಂಟನೇ ತಿಂಗಳಿಗೆ ಅದು ಮೇಲೆ ಹೋಗಿತ್ತು, ಸಹಜ ಹೆರಿಗೆಯೇ ಆಯಿತು. ಆದ್ದರಿಂದ ನೀವು ಕೂಡ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಿ, ಖಂಡಿತ ಮೇಲೇರುತ್ತದೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಮಾಸು ಕೆಳಗಿರುವಾಗ ಯೋನಿಯ ಮೂಲಕ ಸ್ಕ್ಯಾನ್ ಮಾಡಿಸುವುದು ಅಪಾಯ, ಉಪಕರಣ ತಗುಲಿ ರಕ್ತಸ್ರಾವ ಆಗಬಹುದು. 36ನೇ ವಾರದಲ್ಲಿ ಹೊಟ್ಟೆಯ ಮೇಲಿನಿಂದಲೇ ನೋಡುವಂತೆ ಕೇಳಿಕೊಳ್ಳಿ.

ಸ್ಕ್ಯಾನ್ ಕೊಠಡಿ

ನಾನು ಗರ್ಭಿಣಿಯರ ಸ್ಕ್ಯಾನಿಂಗ್ ಮಾಡುವ ವೈದ್ಯ. ಬೆಳ್ಳಿಮೋಡ ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. 20ನೇ ವಾರದಲ್ಲಿ ಕೆಳಗೆ ಕಂಡ ಮಾಸು ಹೆರಿಗೆಯ ಹೊತ್ತಿಗೆ ಬಾಯಿಯಿಂದ ದೂರವಾಗಿರುವುದು ಬಹಳ ಸಾಮಾನ್ಯ, ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಹಾಗೆಯೇ ಆಗುತ್ತದೆ. ಆದರೆ ಮಲಗಿದ್ದರಿಂದ ಅದು ಮೇಲೇರುವುದಿಲ್ಲ, ಮೆಟ್ಟಿಲು ಹತ್ತಿದರೆ ಇಳಿಯುವುದೂ ಇಲ್ಲ. ಮಾಸು ಗೋಡೆಗೆ ಬೇರೂರಿರುತ್ತದೆ, ಜಾಗ ಬಿಟ್ಟು ಸರಿಯುವುದಿಲ್ಲ. ಗರ್ಭದ ಕೊನೆಯ ತಿಂಗಳುಗಳಲ್ಲಿ ಗರ್ಭಕೋಶದ ಕೆಳಭಾಗದ ಗೋಡೆ ವೇಗವಾಗಿ ಉದ್ದವಾಗುವುದರಿಂದ ಬಾಯಿಗೂ ಮಾಸಿನ ಅಂಚಿಗೂ ನಡುವಿನ ಅಂತರ ಹೆಚ್ಚುತ್ತದೆ. ಜೊತೆಗೆ, ರಕ್ತ ಪೂರೈಕೆ ಕಡಿಮೆ ಇರುವ ಕೆಳ ಅಂಚು ನಿಧಾನವಾಗಿ ಸೊರಗುವುದೂ ಉಂಟು.

ಯೋನಿಯ ಮೂಲಕ ಮಾಡುವ ಸ್ಕ್ಯಾನಿನ ಬಗ್ಗೆ ಇರುವ ಹೆದರಿಕೆಯನ್ನು ದಯವಿಟ್ಟು ಬಿಡಿ. ಚಿತ್ರ ಸ್ಪಷ್ಟವಾಗಿ ಮೂಡಬೇಕಾದರೆ ಉಪಕರಣದ ತುದಿ ಗರ್ಭಕೋಶದ ಬಾಯಿಯಿಂದ ಎರಡು ಮೂರು ಸೆಂಟಿಮೀಟರ್ ಹಿಂದೆಯೇ ನಿಲ್ಲಬೇಕು. ಅದು ಸಾಗುವ ಕೋನದಿಂದಾಗಿ ಬಾಯಿಯೊಳಗೆ ನುಗ್ಗುವುದೂ ಇಲ್ಲ. ಮಾಸು ಬಾಯಿಯನ್ನು ಪೂರ್ತಿ ಮುಚ್ಚಿರುವವರಲ್ಲಿಯೂ ಇದನ್ನು ಸುರಕ್ಷಿತವಾಗಿ ಮಾಡಲಾಗುತ್ತದೆ. ಅಪಾಯ ಇರುವುದು ಬೆರಳು ಹಾಕಿ ಬಾಯಿಯನ್ನು ಪರೀಕ್ಷಿಸುವುದರಲ್ಲಿ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಈ ತಪ್ಪು ತಿಳಿವಳಿಕೆ ಹುಟ್ಟಿದೆ.

ಇನ್ನು, ಹೊಟ್ಟೆಯ ಮೇಲಿನ ಸ್ಕ್ಯಾನ್ ಈ ಒಂದು ವಿಷಯದಲ್ಲಿ ಏಕೆ ಸಾಲದು ಎಂಬುದನ್ನು ಹೇಳುತ್ತೇನೆ. ಮೂತ್ರಕೋಶ ತುಂಬಿದ್ದರೆ ಅದು ಗರ್ಭಕೋಶದ ಕೆಳಭಾಗವನ್ನು ಒತ್ತಿ, ಮುಂದಿನ ಹಿಂದಿನ ಗೋಡೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆಗ ಬಾಯಿಯ ಒಳತುದಿ ಇರುವುದಕ್ಕಿಂತ ಮೇಲೆ ಇದ್ದಂತೆ ಕಂಡು, ದೂರದಲ್ಲಿರುವ ಮಾಸೂ ಬಾಯಿಯನ್ನು ಮುಚ್ಚಿದಂತೆ ತೋರುತ್ತದೆ. ಗೋಡೆ ಆ ಕ್ಷಣದಲ್ಲಿ ಬಿಗಿದುಕೊಂಡಿದ್ದರೂ ಇದೇ ಭ್ರಮೆ ಉಂಟಾಗುತ್ತದೆ. ಹಿಂಬದಿಯ ಮಾಸಿನಲ್ಲಿ ಇನ್ನೊಂದು ತೊಡಕಿದೆ: ಮಗುವಿನ ತಲೆ ಕೆಳಗೆ ಬಂದಾಗ ಅದರ ನೆರಳು ಮಾಸಿನ ಕೆಳ ಅಂಚಿನ ಮೇಲೆಯೇ ಬಿದ್ದು ಅಂಚು ಕಾಣದೇ ಹೋಗಬಹುದು. ಹೊಂಬೆಳಕು ಅವರದು ಹಿಂಬದಿಯ ಮಾಸು, ತಲೆಯೂ ಕೆಳಗಿದೆ. ಆದ್ದರಿಂದ 36ನೇ ವಾರದಲ್ಲಿ ಹೊಟ್ಟೆಯ ಮೇಲಿನಿಂದ ಮಾತ್ರ ನೋಡಿದರೆ ಅಳತೆಯನ್ನು ನಂಬುವಂತಿರುವುದಿಲ್ಲ.

ಎರಡನೇ ದರ್ಜೆ ಎಂಬ ಮಾತಿನ ಬಗ್ಗೆಯೂ ಒಂದು ಮಾತು. ಒಂದರಿಂದ ನಾಲ್ಕರವರೆಗಿನ ಆ ದರ್ಜೆಗಳು ಹಳೆಯವು. 2014ರಲ್ಲಿ ಅಮೆರಿಕದ ತಜ್ಞರ ಒಮ್ಮತದ ಹೇಳಿಕೆಯೂ 2018ರಲ್ಲಿ ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜಿನ ಮಾರ್ಗಸೂಚಿಯೂ ಅವನ್ನು ಬಿಟ್ಟು ಎರಡೇ ವಿಭಾಗಗಳನ್ನು ಉಳಿಸಿಕೊಂಡಿವೆ. ಮಾಸು ಬಾಯಿಯ ಒಳತುದಿಯ ಮೇಲೆ ಬಂದಿದ್ದರೆ ಅದು ಪ್ರೀವಿಯಾ; ಮೇಲೆ ಬಾರದೆ 20 ಮಿ.ಮೀ. ಒಳಗೆ ಅಂಚು ಇದ್ದರೆ ಅದು ಕೆಳಮಟ್ಟದ ಮಾಸು. ನಿಮ್ಮದು ಎರಡನೆಯದು. ಎರಡನೇ ವೈದ್ಯರು ಬಹುಶಃ ಹಳೆಯ ದರ್ಜೆಯನ್ನೇ ನೋಡಿ ಮಾತನಾಡಿರಬಹುದು ಎಂದು ನನಗೆ ಅನಿಸುತ್ತದೆ, ಆದರೆ ಅವರ ಮಾತನ್ನು ನಾನು ನೇರವಾಗಿ ಕೇಳಿಲ್ಲ.

ಕಿರುದೀಪ

ಹಿಂಬದಿಯ ಮಾಸು ಇದ್ದರೆ ಸಿಸೇರಿಯನ್ ಏಕೆ ಬೇಕು? ನನ್ನ ತಂಗಿಗೂ ಹಿಂಬದಿಯಲ್ಲೇ ಇತ್ತು, ಸಹಜ ಹೆರಿಗೆ ಆಯಿತು. ನನಗೆ ಮುಂಬದಿಯಲ್ಲಿತ್ತು, ಮಗುವಿನ ಒದೆತ ತಡವಾಗಿ ತಿಳಿಯಿತು ಎಂಬುದನ್ನು ಬಿಟ್ಟರೆ ನನಗೂ ಯಾವ ತೊಂದರೆಯೂ ಆಗಲಿಲ್ಲ. ವೈದ್ಯರು ಸುಮ್ಮನೆ ಹೆದರಿಸುತ್ತಿದ್ದಾರೆ ಎನಿಸುತ್ತದೆ.

ಸ್ಕ್ಯಾನ್ ಕೊಠಡಿ

ಕಿರುದೀಪ ಅವರೇ, ಇಲ್ಲಿ ಪ್ರಶ್ನೆ ಮುಂದೆ ಹಿಂದೆ ಎಂಬುದರದ್ದಲ್ಲ, ಎಷ್ಟು ಕೆಳಗೆ ಎಂಬುದರದ್ದು. ವರದಿಯಲ್ಲಿ ಮಾಸಿನ ಬಗ್ಗೆ ಎರಡು ಬೇರೆ ಬೇರೆ ಸಂಗತಿಗಳು ಇರುತ್ತವೆ: ಯಾವ ಗೋಡೆಗೆ ಅಂಟಿದೆ, ಕೆಳ ಅಂಚು ಎಲ್ಲಿದೆ. ಅಂಚು ಮೇಲಿದ್ದರೆ ಮಾಸು ಯಾವ ಗೋಡೆಯಲ್ಲಿದ್ದರೂ ಹೆರಿಗೆಯ ವಿಧಾನ ಬದಲಾಗುವುದಿಲ್ಲ. ಅಂಚು ಕೆಳಗಿದ್ದಾಗ ಮಾತ್ರ ಗೋಡೆಯೂ ಲೆಕ್ಕಕ್ಕೆ ಬರುತ್ತದೆ. ಹಿಂಬದಿಯ ಮಾಸಿನ ಅಂಚು ಬಾಯಿಯಿಂದ ದೂರವಾಗುವುದು ಸ್ವಲ್ಪ ನಿಧಾನ. ಮುಂಬದಿಯದಾದರೆ, ಹಿಂದೆ ಸಿಸೇರಿಯನ್ ಆಗಿರುವವರಲ್ಲಿ ಅದು ಹೊಲಿಗೆಯ ಗಾಯದ ಮೇಲೆಯೇ ಕುಳಿತಿರುವ ಸಾಧ್ಯತೆ ಇರುತ್ತದೆ.

ಎರಡನೇ ಸಲ

ಕೊನೆಯ ವಾಕ್ಯ ಓದಿ ಎದೆ ಧಸಕ್ಕೆಂದಿತು. ನನಗೆ ಈಗ 22ನೇ ವಾರ. ಮೊದಲ ಮಗು ಸಿಸೇರಿಯನ್‌ನಿಂದ ಹುಟ್ಟಿದ್ದು. ಈಗಿನ ವರದಿಯಲ್ಲಿ ಮುಂಬದಿಯ ಮಾಸು, ಬಾಯಿಯ ಒಳತುದಿಯನ್ನು ಮುಚ್ಚಿದೆ ಎಂದಿದೆ. ಹತ್ತರಲ್ಲಿ ಒಂಬತ್ತು ಜನರಿಗೆ ಸರಿಹೋಗುತ್ತದೆ ಎಂದು ನಮಗೂ ಹೇಳಿ, 32ನೇ ವಾರದಲ್ಲಿ ಬನ್ನಿ ಎಂದು ಕಳುಹಿಸಿದ್ದಾರೆ. ಹೊಂಬೆಳಕು ಅವರ ಪ್ರಶ್ನೆಯ ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ, ಆದರೆ ನಾನೂ ಅವರಂತೆಯೇ 32ನೇ ವಾರದವರೆಗೆ ಕಾಯಬಹುದೇ?

ಪ್ರಸೂತಿ ವೈದ್ಯೆ

ಎರಡನೇ ಸಲ ಅವರೇ, ನಿಮ್ಮ ಸ್ಥಿತಿ ಹೊಂಬೆಳಕು ಅವರದಕ್ಕಿಂತ ಬೇರೆ, ಅದಕ್ಕಾಗಿ ಮೊದಲು ನಿಮಗೇ ಉತ್ತರಿಸುತ್ತೇನೆ. ಹಿಂದಿನ ಸಿಸೇರಿಯನ್ ಗಾಯ ಇರುವ ಜಾಗದಲ್ಲಿ ಮಾಸು ಬೇರೂರಿದರೆ ಕೆಲವೊಮ್ಮೆ ಅದು ಗೋಡೆಯೊಳಗೆ ಮಿತಿಮೀರಿ ಇಳಿದು, ಹೆರಿಗೆಯಾದ ಮೇಲೆ ಬಿಡಿಸಿಕೊಳ್ಳುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಪ್ರೀವಿಯಾ ಇದ್ದು ಹಿಂದೆ ಒಂದು ಸಿಸೇರಿಯನ್ ಆಗಿದ್ದವರಲ್ಲಿ ನೂರಕ್ಕೆ 11 ಮಂದಿಗೂ, ಎರಡು ಆಗಿದ್ದವರಲ್ಲಿ ನೂರಕ್ಕೆ 40 ಮಂದಿಗೂ ಹೀಗಾಗಿತ್ತು. ಆ ಸಂಖ್ಯೆ ಹೆರಿಗೆಯ ಹೊತ್ತಿನಲ್ಲೂ ಪ್ರೀವಿಯಾ ಉಳಿದಿದ್ದವರದು. ನಿಮ್ಮ ಮಾಸು ಇನ್ನೂ ದೂರವಾಗಬಹುದು. ಆದರೂ 32ನೇ ವಾರದವರೆಗೆ ಸುಮ್ಮನೆ ಕಾಯಬೇಡಿ. ಮಾಸು ಮತ್ತು ಗಾಯದ ನಡುವಿನ ಸಂಬಂಧವನ್ನೇ ಹುಡುಕಿ ನೋಡುವ, ಅದರಲ್ಲಿ ಅನುಭವ ಇರುವ ತಜ್ಞರಿಂದ ಈಗಲೇ ಒಂದು ಸ್ಕ್ಯಾನ್ ಮಾಡಿಸಿ. ಹಿಂದಿನ ಶಸ್ತ್ರಚಿಕಿತ್ಸೆಯ ವಿಷಯವನ್ನು ಅವರಿಗೆ ಬಾಯಿಬಿಟ್ಟು ಹೇಳಿ. ಮಾಸು ಗೋಡೆಯೊಳಗೆ ಇಳಿದಿರುವುದು ಮೊದಲೇ ತಿಳಿದರೆ ರಕ್ತ, ಶಸ್ತ್ರಚಿಕಿತ್ಸಕರು, ಮಗುವಿನ ತೀವ್ರ ನಿಗಾ ಎಲ್ಲವೂ ಇರುವ ಆಸ್ಪತ್ರೆಯಲ್ಲಿ ಸಿದ್ಧತೆಯೊಂದಿಗೆ ಹೆರಿಗೆ ಮಾಡಬಹುದು. ಮೇಜಿನ ಮೇಲೆ ಹೊಟ್ಟೆ ತೆರೆದ ಮೇಲೆ ತಿಳಿಯುವುದು ಬಹಳ ಕಷ್ಟದ ಪರಿಸ್ಥಿತಿ.

ಈಗ ಹೊಂಬೆಳಕು ಅವರ ಪ್ರಶ್ನೆ. ಮಾಸು ಬಾಯಿಯನ್ನು ಮುಚ್ಚಿದ್ದರೆ ಸಿಸೇರಿಯನ್ ಬಿಟ್ಟು ದಾರಿ ಇಲ್ಲ ಎಂಬುದು ನಿಜ. ಏಕೆಂದರೆ ಬಾಯಿ ತೆರೆಯುತ್ತಿದ್ದಂತೆ ಅದರ ಮೇಲಿರುವ ಮಾಸು ಗೋಡೆಯಿಂದ ಕಿತ್ತುಬಂದು, ತಾಯಿಯ ರಕ್ತ ಹರಿಯತೊಡಗುತ್ತದೆ, ಮಗು ಹೊರಬರಲು ದಾರಿಯೂ ಇರುವುದಿಲ್ಲ. ಅಂಥವರಲ್ಲಿ ರಕ್ತಸ್ರಾವ ಆಗದಿದ್ದರೂ 36ರಿಂದ 37 ವಾರಗಳ ನಡುವೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ, ನೋವು ತಾನಾಗಿ ಶುರುವಾಗುವ ಮೊದಲೇ ಮುಗಿಸಬೇಕೆಂಬುದು ಅದರ ಉದ್ದೇಶ. ಎರಡನೇ ವೈದ್ಯರು ಹೇಳಿದ 37ನೇ ವಾರ ಈ ಗುಂಪಿಗೆ ಹೊಂದುತ್ತದೆ. ನಿಮ್ಮ ಮಾಸು ಮುಚ್ಚಿಲ್ಲ.

ಮುಚ್ಚದೆ ಹತ್ತಿರವಿರುವ ಮಾಸಿನಲ್ಲಿ ಅಂತರವೇ ಮುಖ್ಯ. ಬಾಯಿ ತೆರೆದುಕೊಳ್ಳುವಾಗ ಅದರ ಸುತ್ತಲಿನ ಗೋಡೆ ಮೇಲಕ್ಕೆ ಎಳೆಯಲ್ಪಡುತ್ತದೆ; ಅಂಚು ಎಷ್ಟು ಹತ್ತಿರವಿದೆಯೋ ಅಷ್ಟು ಬೇಗ ಕಿತ್ತುಬರುತ್ತದೆ. ಆದರೆ ಮಗುವಿನ ತಲೆ ಇಳಿದು ಅಂಚನ್ನು ಗೋಡೆಗೆ ಒತ್ತಿ ಹಿಡಿದರೆ ರಕ್ತಸ್ರಾವ ತಡೆಯಲ್ಪಡುವುದೂ ಇದೆ. 20 ಮಿ.ಮೀ. ಮೀರಿದವರನ್ನು ಬೇರೆ ಯಾವುದೇ ಗರ್ಭಿಣಿಯಂತೆ ನೋಡುತ್ತೇವೆ. 11ರಿಂದ 20ರವರೆಗಿನವರಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸುವುದು ಸರಿ ಎಂದು ಕೆನಡಾದ 2020ರ ಮಾರ್ಗಸೂಚಿ ಹೇಳುತ್ತದೆ, ನನ್ನ ಅನುಭವವೂ ಅದಕ್ಕೆ ಒಪ್ಪುತ್ತದೆ. 10 ಮತ್ತು ಅದಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನವರು ಸಿಸೇರಿಯನ್ ಕಡೆಗೇ ವಾಲುತ್ತಾರೆ.

ಇಲ್ಲಿ ಎಲ್ಲರೂ ಮರೆಯುವ ಒಂದು ವಿಷಯವಿದೆ. ಈ ಮಿತಿಗಳು 32ನೇ ವಾರದ ಅಳತೆಗೆ ಹೇಳಿದವಲ್ಲ, ಹೆರಿಗೆಗೆ ಹತ್ತಿರವಾದ ಅಳತೆಗೆ ಹೇಳಿದವು. ಇಂದಿನ 14 ನಿಮಗೆ ಹೇಳುವುದು ಇನ್ನೊಮ್ಮೆ ಅಳೆಯಬೇಕು ಎಂಬುದಷ್ಟನ್ನೇ. ಆದ್ದರಿಂದ ನಿಮ್ಮ ವೈದ್ಯರು 36ನೇ ವಾರ ಎಂದದ್ದು ನನ್ನ ದೃಷ್ಟಿಯಲ್ಲಿ ಸರಿಯಾದ ನಿರ್ಧಾರ.

ಬೆಳ್ಳಿಮೋಡ

ಸ್ಕ್ಯಾನಿನ ವಿಷಯವನ್ನು ಒಪ್ಪಿದೆ. ಆದರೆ ವಿಶ್ರಾಂತಿಯಿಂದ ಯಾವ ಪ್ರಯೋಜನವೂ ಇಲ್ಲ ಎಂಬುದನ್ನು ಒಪ್ಪಲು ಕಷ್ಟ. ನನ್ನ ವೈದ್ಯರೇ ಭಾರ ಎತ್ತಬಾರದು, ದಂಪತಿಗಳು ಸೇರಬಾರದು ಎಂದು ಹೇಳಿದ್ದರು. ಅವರು ಕಾರಣವಿಲ್ಲದೆ ಹೇಳಿರಲಾರರು.

ಪ್ರಸೂತಿ ವೈದ್ಯೆ

ನೀವು ಕೇಳುವುದು ನ್ಯಾಯವಾಗಿದೆ. ಮಾಸು ಬಾಯಿಯನ್ನು ಮುಚ್ಚಿರುವಾಗ ಅಥವಾ ಒಮ್ಮೆ ರಕ್ತಸ್ರಾವ ಆಗಿರುವಾಗ ದೇಹಸಂಪರ್ಕ ಬೇಡ, ಹೆಚ್ಚಿನ ಶ್ರಮ ಬೇಡ ಎಂದು ನಾನೂ ಹೇಳುತ್ತೇನೆ. ಅದಕ್ಕೆ ಬಲವಾದ ಪುರಾವೆ ಇಲ್ಲ, ಎಚ್ಚರಿಕೆಯ ಮಾತಷ್ಟೇ. ಆದರೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಸುವುದು ಬೇರೆ ಸಂಗತಿ. ಅದರಿಂದ ಮಾಸಿನ ಅಂತರ ಹೆಚ್ಚುವುದಿಲ್ಲ, ಬದಲಿಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ರಕ್ತಸ್ರಾವವಿಲ್ಲದೆ 14 ಮಿ.ಮೀ. ಇರುವವರು ದಿನನಿತ್ಯದ ಕೆಲಸಗಳನ್ನು ಮಾಡಿಕೊಂಡಿರಬಹುದು. ನಾನು ನಿಜವಾಗಿ ಒತ್ತಾಯಿಸುವುದು ಹಿಮೋಗ್ಲೋಬಿನ್ ಬಗ್ಗೆ. ರಕ್ತ ಹೋಗಬಹುದಾದ ಹೆರಿಗೆಗೆ ರಕ್ತಹೀನತೆಯೊಂದಿಗೆ ಹೋಗಬಾರದು. ಈಗಲೇ ಪರೀಕ್ಷಿಸಿ, ಕಡಿಮೆ ಇದ್ದರೆ ಕಬ್ಬಿಣಾಂಶದ ಚಿಕಿತ್ಸೆ ಆರಂಭಿಸಲು ಇನ್ನೂ ಸಮಯವಿದೆ.

ರಾತ್ರಿ ಪಾಳಿ

ನಾನು ಹೆರಿಗೆ ವಾರ್ಡಿನಲ್ಲಿ ನರ್ಸ್. ಕಾಯುತ್ತಿರುವಾಗ ನೋವು ಶುರುವಾದರೆ ಏನು ಎಂಬ ಪ್ರಶ್ನೆಗೆ ನನ್ನ ಕಡೆಯಿಂದ ಉತ್ತರಿಸುತ್ತೇನೆ.

ಕೆಳಗಿರುವ ಮಾಸಿನಿಂದ ಆಗುವ ರಕ್ತಸ್ರಾವ ಹೆಚ್ಚಾಗಿ ಕೆಂಪಗೆ, ತಾಜಾ ಆಗಿರುತ್ತದೆ, ನೋವೇ ಇರುವುದಿಲ್ಲ. ನೋವಿಲ್ಲವಲ್ಲ ಎಂದು ಬೆಳಗಿನವರೆಗೆ ಕಾಯುವವರನ್ನು ನಾವು ಬಹಳ ನೋಡುತ್ತೇವೆ. ತಾನಾಗಿ ನಿಂತಿತು ಎಂದು ಮನೆಯಲ್ಲೇ ಉಳಿಯುವವರೂ ಇದ್ದಾರೆ. ಮೊದಲನೆಯದು ಸ್ವಲ್ಪವೇ ಬಂದು ನಿಂತರೂ ಮುಂದಿನದು ಎಷ್ಟಿರುತ್ತದೆ ಎಂದು ಯಾರಿಗೂ ಹೇಳಲಾಗದು, ಆದ್ದರಿಂದ ಎಷ್ಟೇ ಕಡಿಮೆ ಬಂದರೂ ತಕ್ಷಣ ಆಸ್ಪತ್ರೆಗೆ ಬರಬೇಕು. ರಕ್ತವಿಲ್ಲದೆ ನೋವು ಮಾತ್ರ ಶುರುವಾದರೂ ನೀವು ಬೇರೆಯವರಂತೆ ಮನೆಯಲ್ಲಿ ಗಂಟೆಗಟ್ಟಲೆ ಕಾಯುವುದು ಬೇಡ.

ಬಂದಾಗ ಬಾಗಿಲಲ್ಲೇ ಹೇಳಬೇಕಾದ ಮೊದಲ ಮಾತು ಮಾಸು ಕೆಳಗಿದೆ ಎಂಬುದು. ಪಾಳಿ ಬದಲಾಗಿರುತ್ತದೆ, ನಿಮ್ಮನ್ನು ಮೊದಲು ನೋಡಿದವರು ಅಲ್ಲಿ ಇಲ್ಲದಿರಬಹುದು, ಗೊತ್ತಿಲ್ಲದವರು ವಾಡಿಕೆಯಂತೆ ಬೆರಳಿನ ಪರೀಕ್ಷೆಗೆ ಕೈಗವಸು ಹಾಕಿಕೊಂಡುಬಿಡುತ್ತಾರೆ. ಕೊನೆಯ ಸ್ಕ್ಯಾನ್ ವರದಿ ಚೀಲದ ತಳದಲ್ಲಲ್ಲ, ಕೈಯಲ್ಲೇ ಇರಲಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನೂ ಹೇಳಿ, ರಕ್ತಸ್ರಾವ ಆದಾಗ ಆಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ನೋಡಬೇಕಾಗುತ್ತದೆ.

ಇನ್ನೊಂದನ್ನು ಕುಟುಂಬದವರು ತಿಳಿದಿರಬೇಕು. ಮಗು ಹುಟ್ಟಿದ ಮೇಲೆ ಅಪಾಯ ಕಳೆಯಿತು ಎಂದು ಎಲ್ಲರೂ ಹೊರಗೆ ಹೋಗಿಬಿಡುತ್ತಾರೆ. ಗರ್ಭಕೋಶದ ಕೆಳಭಾಗದಲ್ಲಿ ಸ್ನಾಯು ಕಡಿಮೆ, ಮೇಲ್ಭಾಗದಷ್ಟು ಗಟ್ಟಿಯಾಗಿ ಅದು ಬಿಗಿದುಕೊಳ್ಳುವುದಿಲ್ಲ. ಮಾಸು ಅಲ್ಲಿಂದ ಬಿಟ್ಟ ಮೇಲೆ ಆ ಜಾಗದಿಂದ ರಕ್ತ ಹೆಚ್ಚು ಹೋಗಬಹುದು, ಸಹಜ ಹೆರಿಗೆಯಲ್ಲೂ ಸಿಸೇರಿಯನ್‌ನಲ್ಲೂ. ರಕ್ತವನ್ನು ಮೊದಲೇ ಹೊಂದಿಸಿಟ್ಟುಕೊಳ್ಳುವುದು ಅದಕ್ಕಾಗಿಯೇ.

ಹೊಂಬೆಳಕು

ಎಲ್ಲರಿಗೂ ಕೃತಜ್ಞತೆಗಳು. 36ನೇ ವಾರದ ಸ್ಕ್ಯಾನ್ ಆಯಿತು, ಅದರ ವಿವರವನ್ನು ಇಲ್ಲಿ ಬರೆಯುತ್ತೇನೆ. ಮೂತ್ರಕೋಶ ಖಾಲಿ ಮಾಡಿಸಿ ಯೋನಿಯ ಮೂಲಕವೇ ನೋಡಿದರು. ಮೊದಲು ನೋಡಿದಾಗ ಕೆಳಭಾಗದ ಗೋಡೆ ಬಿಗಿದುಕೊಂಡಿದೆ ಎಂದು ಸ್ವಲ್ಪ ಹೊತ್ತು ಕಾಯಿಸಿ ಮತ್ತೆ ಅಳೆದರು. ಈಗ ಅಂತರ 17 ಮಿ.ಮೀ. ಮಾಸಿನ ಕೆಳ ಅಂಚು ತೆಳುವಾಗಿದೆ, ಮಗುವಿನ ತಲೆ ಅಂಚಿಗಿಂತ ಕೆಳಗೆ ಇಳಿದಿದೆ, ಬಾಯಿಯ ಸುತ್ತ ಬಣ್ಣದ ಡಾಪ್ಲರ್‌ನಲ್ಲಿ ರಕ್ತನಾಳಗಳು ಕಾಣಲಿಲ್ಲ ಎಂದು ವರದಿಯಲ್ಲಿದೆ. ಹಿಮೋಗ್ಲೋಬಿನ್ 11.2 ಇದೆ.

ನಮ್ಮ ವೈದ್ಯರು ಸಹಜ ಹೆರಿಗೆಗೆ ಪ್ರಯತ್ನಿಸಬಹುದು, ಆದರೆ ನೋವು ಶುರುವಾದ ಕೂಡಲೇ ಬರಬೇಕು, ಎರಡು ಯೂನಿಟ್ ರಕ್ತ ಹೊಂದಿಸಿಟ್ಟಿರುತ್ತೇವೆ, ರಕ್ತಸ್ರಾವ ಹೆಚ್ಚಾದರೆ ಮರುಮಾತಿಲ್ಲದೆ ಸಿಸೇರಿಯನ್ ಎಂದಿದ್ದಾರೆ. ಮನೆಯವರು ಇನ್ನೂ ಪೂರ್ತಿ ಒಪ್ಪಿಲ್ಲ. 14 ಇದ್ದದ್ದು 17 ಆಗಿದೆಯೆಂದರೆ ಹೆರಿಗೆಯ ಹೊತ್ತಿಗೆ 20 ದಾಟುತ್ತದೆಯೇ? ವರದಿಯಲ್ಲಿ ರಕ್ತನಾಳಗಳ ಬಗ್ಗೆ ಏಕೆ ಬರೆದಿದ್ದಾರೆ ಎಂಬುದೂ ನನಗೆ ಅರ್ಥವಾಗಲಿಲ್ಲ.

ಸ್ಕ್ಯಾನ್ ಕೊಠಡಿ

14ಕ್ಕೂ 17ಕ್ಕೂ ಇರುವ ವ್ಯತ್ಯಾಸವನ್ನು ಹೆಚ್ಚು ಎಳೆಯಬೇಡಿ. ಒಬ್ಬರೇ ಎರಡು ಬಾರಿ ಅಳೆದರೂ ಕೆಲವು ಮಿಲಿಮೀಟರ್ ಹೆಚ್ಚು ಕಡಿಮೆ ಬರುತ್ತದೆ. ಅಂತರ ಕಡಿಮೆಯಾಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು, ಇನ್ನು ಎರಡು ಮೂರು ವಾರಗಳಲ್ಲಿ 20 ದಾಟುತ್ತದೆ ಎಂದು ಹೇಳಲಾಗದು. 17 ಎಂದೇ ಇಟ್ಟುಕೊಂಡು ಯೋಜನೆ ಮಾಡುವುದು ಒಳ್ಳೆಯದು.

ವರದಿ ಬರೆದವರು ಎಚ್ಚರಿಕೆಯಿಂದ ಕೆಲಸ ಮಾಡಿದ್ದಾರೆ. ಕೆಳ ಅಂಚು ಸೊರಗುತ್ತದೆ ಎಂದು ನಾನು ಮೊದಲು ಬರೆದಿದ್ದೆ. ಹಾಗೆ ಸೊರಗಿದಾಗ ಮಾಸಿನ ಭಾಗ ಹೋಗಿ, ಅದರಲ್ಲಿದ್ದ ಮಗುವಿನ ರಕ್ತನಾಳ ಮಾತ್ರ ತೆಳುವಾದ ಪೊರೆಯ ಮೇಲೆ, ಬಾಯಿಗೆ ಅಡ್ಡಲಾಗಿ ಉಳಿದುಬಿಡುವುದು ಅಪರೂಪಕ್ಕೆ ಉಂಟು. ನೀರುಚೀಲ ಒಡೆದಾಗ ಆ ನಾಳವೂ ಹರಿದರೆ ಹೋಗುವುದು ತಾಯಿಯ ರಕ್ತವಲ್ಲ, ಮಗುವಿನದು. ಆದ್ದರಿಂದ ಮಾಸು ದೂರ ಸರಿದಿದೆ ಎಂದು ಸಂತೋಷಪಡುವ ಸ್ಕ್ಯಾನಿನಲ್ಲಿಯೇ ಡಾಪ್ಲರ್ ಹಾಕಿ ಬಾಯಿಯ ಮೇಲೆ ನಾಳಗಳಿಲ್ಲ ಎಂದು ನೋಡಿಕೊಳ್ಳಬೇಕು. ಅಂಚು ತೆಳು ಎಂದು ಬರೆದದ್ದೂ ಉಪಯುಕ್ತವೇ, ದಪ್ಪ ಅಂಚಿರುವವರಲ್ಲಿ ರಕ್ತಸ್ರಾವ ಹೆಚ್ಚು ಕಂಡುಬರುತ್ತದೆ.

ಹಿರಿಯ ವೈದ್ಯ

ನಾನು ಬಹುಕಾಲ ಹೆರಿಗೆ ಮಾಡಿಸಿದವನು, ಸ್ವಲ್ಪ ಭಿನ್ನವಾಗಿ ಯೋಚಿಸುತ್ತೇನೆ. ಮಾರ್ಗಸೂಚಿಗಳ ಸಂಖ್ಯೆಗಳು, ಅರ್ಧ ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆರಂಭಿಸಬಲ್ಲ, ರಕ್ತ ಕೈಯಲ್ಲೇ ಇರುವ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಹೊಂಬೆಳಕು ಅವರ ಆಸ್ಪತ್ರೆ ಹಾಗಿದ್ದರೆ ನಾನೂ ಸಹಜ ಹೆರಿಗೆಗೇ ಒಪ್ಪುತ್ತೇನೆ. ರಾತ್ರಿ ಅರಿವಳಿಕೆ ವೈದ್ಯರನ್ನು ಹೊರಗಿನಿಂದ ಕರೆಸಬೇಕಾದ ಜಾಗದಲ್ಲಿ, 17 ಮಿ.ಮೀ. ಇದ್ದರೂ ಹಗಲಿನಲ್ಲಿ, ಸಿದ್ಧತೆಯೊಂದಿಗೆ, ದಿನ ಗೊತ್ತುಮಾಡಿ ಸಿಸೇರಿಯನ್ ಮಾಡುವುದನ್ನು ತಪ್ಪೆಂದು ನಾನು ಹೇಳಲಾರೆ. ಎರಡನೇ ವೈದ್ಯರೂ ಹೀಗೆಯೇ ಯೋಚಿಸಿರಬಹುದು.

ಪ್ರಸೂತಿ ವೈದ್ಯೆ

ಸರ್, ಆಸ್ಪತ್ರೆಯ ಸೌಲಭ್ಯ ನಿರ್ಣಾಯಕ ಎಂಬುದನ್ನು ಒಪ್ಪುತ್ತೇನೆ. ಆದರೆ ಅಂತಹ ಆಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿದರೂ ಮಾಸಿನ ಜಾಗದಿಂದ ರಕ್ತ ಹೋಗುವ ಸಾಧ್ಯತೆ ಉಳಿದೇ ಇರುತ್ತದೆ. ರಕ್ತ ಸಿಗದ ಜಾಗದಲ್ಲಿ ಎರಡೂ ವಿಧಾನಗಳು ಕಷ್ಟವೇ, ಹಾಗಾಗಿ ನಾನು ಮೊದಲು ಬದಲಾಯಿಸುವುದು ಆಸ್ಪತ್ರೆಯನ್ನು. ಇನ್ನೂ ಒಂದು ಮಾತು: ಇವರಿಗೆ ಇದು ಮೊದಲ ಗರ್ಭ. ಈಗ ಅಗತ್ಯವಿಲ್ಲದೆ ಬೀಳುವ ಗಾಯದ ಲೆಕ್ಕ ಮುಂದಿನ ಗರ್ಭದಲ್ಲಿ ಬರುತ್ತದೆ, ಎರಡನೇ ಸಲ ಅವರು ಈಗ ಎದುರಿಸುತ್ತಿರುವುದು ಅದನ್ನೇ. ಒಂದು ವೇಳೆ ಕೊನೆಗೆ ಸಿಸೇರಿಯನ್ ಎಂದೇ ತೀರ್ಮಾನಿಸಿದರೂ, ರಕ್ತಸ್ರಾವವಿಲ್ಲದ ಇವರಿಗೆ 37ನೇ ವಾರ ಏಕೆ ಎಂದು ಕೇಳಬೇಕು. ಅಷ್ಟು ಬೇಗ, ನೋವು ಬಾರದೆ ಹುಟ್ಟುವ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು. ಯಾವ ವಾರ ಎಂಬುದರಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ.

ಎರಡನೇ ಸಲ

ನಿಮ್ಮ ಮಾತಿನಂತೆ ಬೇರೆ ಕಡೆ ಸ್ಕ್ಯಾನ್ ಮಾಡಿಸಿದೆ. ಮಾಸು ಮತ್ತು ಮೂತ್ರಕೋಶದ ನಡುವಿನ ಗೆರೆ ಒಂದು ಕಡೆ ಸ್ಪಷ್ಟವಾಗಿಲ್ಲ, ಗೋಡೆಯೊಳಗೆ ಇಳಿದಿದೆ ಎಂದು ಈಗಲೇ ಹೇಳಲಾಗದು, 28ನೇ ವಾರದಲ್ಲಿ ಮತ್ತೆ ನೋಡಬೇಕು ಎಂದಿದ್ದಾರೆ. ದೊಡ್ಡ ಆಸ್ಪತ್ರೆಯಲ್ಲಿ ಹೆಸರು ನೋಂದಾಯಿಸಿಕೊಂಡಿದ್ದೇನೆ. ಎಂಆರ್‌ಐ ಮಾಡಿಸಿದರೆ ಖಚಿತವಾಗಿ ತಿಳಿಯುತ್ತದೆಯೇ?

ಸ್ಕ್ಯಾನ್ ಕೊಠಡಿ

ಪರಿಣತರು ಮಾಡಿದ ಸ್ಕ್ಯಾನಿಗಿಂತ ಎಂಆರ್‌ಐ ಯಾವಾಗಲೂ ಹೆಚ್ಚು ಹೇಳುತ್ತದೆ ಎನ್ನಲಾಗದು. ಮಾಸು ಹಿಂಬದಿಯಲ್ಲಿದ್ದಾಗ ಅಥವಾ ಎಷ್ಟು ಆಳಕ್ಕೆ, ಯಾವ ಪಕ್ಕಕ್ಕೆ ಇಳಿದಿದೆ ಎಂದು ಶಸ್ತ್ರಚಿಕಿತ್ಸಕರಿಗೆ ತಿಳಿಯಬೇಕಾದಾಗ ಅದು ನೆರವಾಗುತ್ತದೆ. 28ನೇ ವಾರದ ಸ್ಕ್ಯಾನ್ ನೋಡಿದ ಮೇಲೆ ಅದನ್ನು ಕೇಳುವುದೇ ಸರಿ. ಆ ವರದಿ ಬಂದಾಗ ಇಲ್ಲಿಯೇ ಬರೆಯಿರಿ.

ಹೊಂಬೆಳಕು

ನಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿದೆ. ರಕ್ತನಿಧಿ ಅದೇ ಕಟ್ಟಡದಲ್ಲಿದೆ, ಅರಿವಳಿಕೆ ವೈದ್ಯರು ರಾತ್ರಿಯೂ ಒಳಗೇ ಇರುತ್ತಾರಂತೆ. ಹಿರಿಯ ವೈದ್ಯರ ಪ್ರಶ್ನೆಯನ್ನು ಕೇಳದೇ ಇದ್ದಿದ್ದರೆ ಇದನ್ನು ವಿಚಾರಿಸುತ್ತಲೇ ಇರಲಿಲ್ಲ. ಇದನ್ನು ಹೇಳಿದ ಮೇಲೆ ಮನೆಯವರು ನೋವಿಗಾಗಿ ಕಾಯಲು ಒಪ್ಪಿದ್ದಾರೆ, ಆದರೆ ನಿರೀಕ್ಷಿತ ದಿನ ದಾಟಿದರೆ ಔಷಧ ಕೊಟ್ಟು ನೋವು ಬರಿಸಬಹುದೇ ಎಂಬ ಪ್ರಶ್ನೆ ಉಳಿದಿದೆ. ನಮ್ಮ ವೈದ್ಯರು ಅದನ್ನು 39ನೇ ವಾರದ ಭೇಟಿಯಲ್ಲಿ, ಬಾಯಿ ಎಷ್ಟು ಮೆತ್ತಗಾಗಿದೆ ಎಂದು ನೋಡಿ ಹೇಳುತ್ತೇನೆ ಎಂದಿದ್ದಾರೆ. 17 ಮಿ.ಮೀ. ಇದ್ದು ಹಾಗೆ ನೋವು ಬರಿಸಿಕೊಂಡವರು ಇಲ್ಲಿ ಯಾರಾದರೂ ಇದ್ದರೆ ತಿಳಿಸಿ.